ಸ್ಕ್ರೀನ್ ವಿಡಿಯೋ, ಸುಮ್ನೆ ಗೀಚಿದ ನೋಟ್ಸ್, ಸೆಷನ್ ಶೀಟ್: ರಿವ್ಯೂಗೆ ಯಾವುದು ಸರಿ?

ಶಿವಮೊಗ್ಗದ ನಮ್ಮ ತಂಡ ಅಡಿಕೆ ಮಂಡಿಗಳಿಗೆ ಆಪ್ ಮಾಡುತ್ತದೆ. ತೀರ್ಥಹಳ್ಳಿ ಕಡೆ ಒಳಗೆ ಹೋದರೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಅಲ್ಲಿ ತೂಕದ ಎಂಟ್ರಿ ಏನಾಗುತ್ತದೆ ಎಂದು ಹುಡುಕುವಾಗ ಮೂರೂ ಬಗೆಯ ನೋಟ್ಸ್ ಬಳಸಿ ನೋಡಿದೆ. ಟೆಸ್ಟಿಂಗ್ ಸೆಷನ್‌ನಲ್ಲಿ ಇಲ್ಲದವರೂ ಓದಿ ಪ್ರಶ್ನೆ ಕೇಳುವಂತಿರಬೇಕು, ಅದೇ ನನ್ನ ಅಳತೆ.

ಮೊದಲು ಚಾರ್ಟರ್, ಅಂದರೆ ಆ ಸೆಷನ್‌ನಲ್ಲಿ ಏನು ಹುಡುಕಬೇಕು ಅನ್ನುವ ಗುರಿ. 'ತೂಕದ ಎಂಟ್ರಿ ಟೆಸ್ಟ್ ಮಾಡಿ' ಅಂದರೆ ಏನು ಬರೆದರೂ ನಡೆಯುತ್ತದೆ, ಏನು ಬಿಟ್ಟುಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ. 'ಸೇವ್ ಆಗುವಾಗ ಸಿಗ್ನಲ್ ತಪ್ಪಿಸಿ, ಲಾಟ್ ಕಳೆದುಹೋಗುತ್ತದೆಯೇ, ಎರಡಾಗುತ್ತದೆಯೇ ನೋಡಿ' ಅಂದಾಗ ರಿವ್ಯೂ ಮಾಡುವವರಿಗೆ ಹಿಡಿ ಸಿಗುತ್ತದೆ.

ವಿಡಿಯೋದಲ್ಲಿ ಎಲ್ಲವೂ ಇರುತ್ತದೆ. ಆದರೆ 90 ನಿಮಿಷದ ಸೆಷನ್ ಯಾರು ಕೂತು ನೋಡುತ್ತಾರೆ? ಏನನ್ನು ನಿರೀಕ್ಷಿಸಿ ಆ ಬಟನ್ ಒತ್ತಿದೆ ಅನ್ನುವುದಂತೂ ಅದರಲ್ಲಿ ಕಾಣುವುದೇ ಇಲ್ಲ. ಗೀಚಿದ ನೋಟ್ಸ್ ಬೇಗ ಆಗುತ್ತದೆ, ಅಷ್ಟೇ. 'ಲಾಟ್ ಎರಡು ಸಲ ಬಂತು' ಅಂತ ಓದಿದ ಡೆವಲಪರ್‌ಗೆ ಸಿಗ್ನಲ್ ಯಾವಾಗ ಹೋಯಿತು ಅಂತ ತಿಳಿಯಲ್ಲ.

ಸೆಷನ್ ಶೀಟ್ ಅನ್ನು ಜೊನಾಥನ್ ಬಾಕ್, ಜೇಮ್ಸ್ ಬಾಕ್ ಸಹೋದರರು 2000ರ ಹೊತ್ತಿಗೆ ರೂಪಿಸಿದರು. ಚಾರ್ಟರ್, ಸಮಯದ ಹಂಚಿಕೆ, ನೋಟ್ಸ್, ಬಗ್, ತೊಡಕು ಎಲ್ಲಕ್ಕೂ ಜಾಗವಿದೆ. ನನ್ನ ಶೀಟ್‌ನ ಒಂದು ತುಣುಕು:

```
10:20 ಲಾಟ್ 14, ರಾಶಿ ಅಡಿಕೆ, 62.5 ಕೆಜಿ. ಸೇವ್ ಒತ್ತಿದ ತಕ್ಷಣ
      ಏರೋಪ್ಲೇನ್ ಮೋಡ್ ಆನ್.
      ನಿರೀಕ್ಷೆ: ಸಿಗ್ನಲ್ ಬಂದ ಮೇಲೆ ಒಂದೇ ಎಂಟ್ರಿ.
10:22 ಮೋಡ್ ಆಫ್. ಆಪ್ ತಾನೇ ಮತ್ತೆ ಕಳಿಸಿತು.
      ಲಾಟ್ 14 ಎರಡು ಸಲ. ಬಗ್.
10:31 ಲಾಟ್ 15. ಸೇವ್ ಒತ್ತುವ ಮೊದಲೇ ಮೋಡ್ ಆನ್,
      ಆಮೇಲೆ ಆಫ್. ಒಂದೇ ಎಂಟ್ರಿ.
ನೋಡಿಲ್ಲ: ಸಿಗ್ನಲ್ ಇಲ್ಲದಾಗ ಆಪ್ ಮುಚ್ಚಿ ತೆರೆಯುವುದು.
```

10:22 ಮತ್ತು 10:31ರ ವ್ಯತ್ಯಾಸ ನೋಡಿಯೇ ಡೆವಲಪರ್ ಕಾರಣ ಊಹಿಸಿದರು. ಮೊದಲ ಸಲವೇ ಎಂಟ್ರಿ ಸರ್ವರ್ ತಲುಪಿತ್ತು, ಉತ್ತರ ಮಾತ್ರ ಫೋನಿಗೆ ಬರಲಿಲ್ಲ. ಹಾಗಾಗಿ ಆಪ್ ಮತ್ತೆ ಕಳಿಸಿತು. ಸರ್ವರ್ ಲಾಗ್ ತೆಗೆದಾಗ ಅದೇ ಕಂಡಿತು. ಈಗ ಪ್ರತಿ ಎಂಟ್ರಿಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟುತ್ತದೆ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸ ಎಂಟ್ರಿ ಮಾಡುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ನೋಡಿಲ್ಲ' ಅನ್ನುವ ಸಾಲು. ರಿವ್ಯೂ ಮಾಡಿದ ಗೆಳತಿ ಅದನ್ನೇ ಹಿಡಿದು, 'ಫೋನ್ ಆಫ್ ಆದರೆ ಕಾಯುತ್ತಿರುವ ಲಾಟ್ ಎಲ್ಲಿ ಹೋಗುತ್ತೆ?' ಅಂತ ಕೇಳಿದಳು. ಮುಂದಿನ ಚಾರ್ಟರ್ ಅಲ್ಲೇ ಸಿದ್ಧವಾಯಿತು, ಅಲ್ವಾ?

ಸಮಯದ ಹಂಚಿಕೆಯನ್ನೂ ಬಿಡಬೇಡಿ. ಟೆಸ್ಟಿಂಗ್, ಬಗ್ ಹಿಂದೆ ಬಿದ್ದದ್ದು, ತಯಾರಿ, ಮೂರಕ್ಕೂ ಅಂದಾಜು ಶೇಕಡಾ ಸಾಕು. ಬಗ್ ಹಿಂದೆಯೇ ಜಾಸ್ತಿ ಹೊತ್ತು ಹೋಗಿದ್ದರೆ, ಚಾರ್ಟರ್ ಇನ್ನೂ ಪೂರ್ತಿ ಆಗಿಲ್ಲ ಅಂತಲೇ ಲೆಕ್ಕ.

ಶೀಟ್‌ಗೂ ಮಿತಿ ಇದೆ. ಪಟ್ಟಿ ಜಾರಿಸುವಾಗ ಪರದೆ ತಡವರಿಸುವುದನ್ನು ಮಾತಿನಲ್ಲಿ ಬರೆದರೆ ಯಾರೂ ನಂಬಲ್ಲ. ಅಲ್ಲಿ ಅರ್ಧ ನಿಮಿಷದ ವಿಡಿಯೋ ತುಣುಕು ತೆಗೆದು, ಶೀಟ್‌ನ ಆ ಸಾಲಿನ ಪಕ್ಕ ಫೈಲ್ ಹೆಸರು ಬರೆಯುತ್ತೇನೆ.