ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ: ಮಾತ್ರೆಯಾ, ಬ್ಯಾಂಡಾ?

ಹಾವೇರಿ ಕಡೆಯ ಒಬ್ಬ ರೈತರಿಗೆ ಲಿವರ್ ಸಿರೋಸಿಸ್ ಇದೆ ಅಂದುಕೊಳ್ಳಿ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ದೊಡ್ಡದಾಗಿ ಉಬ್ಬಿವೆ, ಇನ್ನೂ ಒಡೆದಿಲ್ಲ. ಮೇಲಿನ ಬಿಪಿ 124, ಆಸ್ತಮಾ ಇಲ್ಲ. ಇಂಥವರಿಗೆ ನನ್ನ ಮತ ಮಾತ್ರೆಗೇ.

ಕಾರ್ವೆಡಿಲಾಲ್ ದಿನಕ್ಕೆ 6.25 ಮಿಗ್ರಾಂನಿಂದ ಶುರು, ಒಗ್ಗಿದರೆ 12.5. ಅದು ಈ ಉಬ್ಬಿಗೆ ಕಾರಣವಾದ, ಲಿವರಿಗೆ ಹೋಗುವ ರಕ್ತದ ಒತ್ತಡವನ್ನೇ ಇಳಿಸುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದನ್ನೂ ತಡೆಯಬಹುದು. ಮೇಲಿನ ಬಿಪಿ 90ಕ್ಕಿಂತ ಇಳಿದರೆ ಡಾಕ್ಟರು ಡೋಸ್ ಇಳಿಸುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಸುಮ್ನೆ ನೀವೇ ಬಿಡಬೇಡಿ.

ಎಂಡೋಸ್ಕೋಪಿ ಮೂಲಕ ಹಾಕುವ ರಬ್ಬರ್ ಬ್ಯಾಂಡ್ ಉಬ್ಬನ್ನಷ್ಟೇ ಬಿಗಿಯುತ್ತದೆ, ಒತ್ತಡ ಹಾಗೇ ಉಳಿಯುತ್ತದೆ. ಉಬ್ಬು ಮಾಯವಾಗುವವರೆಗೆ 2–4 ವಾರಕ್ಕೊಮ್ಮೆ ಹುಬ್ಬಳ್ಳಿಗೆ ಓಡಾಟ. ಬ್ಯಾಂಡ್ ಉದುರಿದ ಜಾಗದ ಹುಣ್ಣಿನಿಂದಲೂ ರಕ್ತ ಬರಬಹುದು. ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆದರೆ ಆಸ್ತಮಾ ಇದ್ದವರಿಗೆ ಬ್ಯಾಂಡೇ ಸರಿ. ಒಮ್ಮೆ ರಕ್ತ ವಾಂತಿಯಾದವರಿಗೆ ಸಾಮಾನ್ಯವಾಗಿ ಎರಡೂ ಬೇಕು.