ಒಟಿಪಿ ಲಾಗಿನ್ ಹಾಕುವವರೇ, ಮೊದಲು ಆ ರೀಸೆಂಡ್ ಬಟನ್ ನೋಡಿ

ಭಾನುವಾರ ಬೆಳಗ್ಗೆ ಆರೂವರೆಗೆ ಫೋನ್ ಬಂತು. ಆ ಕಡೆ ಒಬ್ಬ ಹೆಂಗಸು. ‘ಯಾರ್ರೀ ನೀವು? ರಾತ್ರಿಯೆಲ್ಲಾ ನಿಮ್ಮ ಅಂಗಡಿಯಿಂದ ಮೆಸೇಜು. ನೂರಕ್ಕೂ ಜಾಸ್ತಿ ಬಂದಿವೆ. ನಾನು ನಿಮ್ಮ ಆ್ಯಪ್ ಹಾಕಿಕೊಂಡೇ ಇಲ್ಲವಲ್ಲ!’ ಎಂದರು. ಮೆಸೇಜಿನಲ್ಲಿದ್ದ ಆ್ಯಪ್ ಹೆಸರು ಹಿಡಿದು ಪ್ಲೇ ಸ್ಟೋರಿನಲ್ಲಿ ನಮ್ಮ ನಂಬರ್ ಹುಡುಕಿದ್ದರು. ‘ಕ್ಷಮಿಸಿ ಮೇಡಂ, ಈಗಲೇ ನೋಡ್ತೀನಿ’ ಎಂದು ಹೇಳಿ ಲ್ಯಾಪ್‌ಟಾಪ್ ತೆಗೆದೆ.

ನಾವು ಇಬ್ಬರೇ ಸೇರಿ ಆ್ಯಪ್ ಮಾಡಿಕೊಡುವವರು. ಇದು ಒಂದು ದಿನಸಿ ಅಂಗಡಿಗೆ ಮಾಡಿದ್ದು. ಪಾಸ್‌ವರ್ಡ್ ಬೇಡ, ಮೊಬೈಲ್ ನಂಬರ್ ಹಾಕಿದರೆ ನಾಲ್ಕು ಅಂಕಿಯ ಒಟಿಪಿ, ಅಷ್ಟೇ. ದಿನಕ್ಕೆ ಮುನ್ನೂರು ಎಸ್‌ಎಂಎಸ್ ಹೋಗುತ್ತಿತ್ತು. ಮುಂಗಡ ಕೊಟ್ಟು 25,000 ಎಸ್‌ಎಂಎಸ್‌ನ ಪ್ಯಾಕ್ ತಗೊಂಡಿದ್ದೆವು. ಆ ಬೆಳಗ್ಗೆ ನೋಡಿದರೆ ಖಾತೆಯಲ್ಲಿ ಸೊನ್ನೆ. ಅಂದರೆ ನಿಜವಾದ ಗ್ರಾಹಕರಿಗೂ ಲಾಗಿನ್ ಬಂದ್.

ಆಗಿದ್ದು ಇಷ್ಟು. ‘ಎಸ್‌ಎಂಎಸ್ ಬಾಂಬರ್’ ಅಂತ ಸ್ಕ್ರಿಪ್ಟ್‌ಗಳು ಓಡಾಡುತ್ತಿರುತ್ತವೆ. ಯಾರನ್ನೋ ಗೋಳು ಹೊಯ್ದುಕೊಳ್ಳಬೇಕು ಎನಿಸಿದವನು ಅವರ ನಂಬರ್ ಹಾಕುತ್ತಾನೆ. ಸ್ಕ್ರಿಪ್ಟು ಹತ್ತಾರು ಆ್ಯಪ್‌ಗಳ ಒಟಿಪಿ ವಿಳಾಸಗಳಿಗೆ ಆ ನಂಬರನ್ನು ಕಳಿಸುತ್ತಲೇ ಇರುತ್ತದೆ. ಯಾವ ಸರ್ವರು ಬೇಡ ಅನ್ನುವುದಿಲ್ಲವೋ ಅದು ಪಟ್ಟಿಯಲ್ಲಿ ಉಳಿಯುತ್ತದೆ. ನಮ್ಮ `/send-otp` ಯಾರಿಗೂ ಬೇಡ ಅಂದಿರಲಿಲ್ಲ.

ನಮ್ಮ ಆ್ಯಪಿನಲ್ಲಿ 30 ಸೆಕೆಂಡಿನ ಟೈಮರ್ ಇತ್ತು, ಅಲ್ಲಿಯವರೆಗೆ ರೀಸೆಂಡ್ ಬಟನ್ ಮಂಕಾಗಿರುತ್ತಿತ್ತು. ಆದರೆ ಅದು ಇದ್ದದ್ದು ಪರದೆಯ ಮೇಲೆ ಮಾತ್ರ. ಸರ್ವರಿಗೆ ನೇರವಾಗಿ ಕೇಳುವವನಿಗೆ ಬಟನ್ನೂ ಇಲ್ಲ, ಟೈಮರೂ ಇಲ್ಲ. ಇದು ಗೊತ್ತಿಲ್ಲದ ವಿಷಯವೇನಲ್ಲ. ಆಮೇಲೆ ಮಾಡೋಣ ಎಂದು ಬಿಟ್ಟಿದ್ದೆವು.

ಇನ್ನೊಂದು ಹೊಟ್ಟೆ ಉರಿಯುವ ಲೆಕ್ಕ. ನಮ್ಮ ಮೆಸೇಜ್ ಕನ್ನಡದಲ್ಲಿತ್ತು. ಇಂಗ್ಲಿಷ್ ಆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಕಣ್ಣಿಗೆ ಒಂದಾಗಿ ಕಾಣುವ ‘ಕ್ಷ’ ಅಲ್ಲಿ ಮೂರು: ಕ, ಅರ್ಧಾಕ್ಷರದ ಗುರುತು, ಷ. ಗುಣಿತದ ಚಿಹ್ನೆಗಳನ್ನೂ ಬೇರೆ ಎಣಿಸುತ್ತಾರೆ. ನಮ್ಮದು 94 ಆಗಿತ್ತು. ಹಾಗಾಗಿ ಪ್ರತಿ ಒಟಿಪಿಗೂ ಎರಡು ಎಸ್‌ಎಂಎಸ್ ಹಣ. ಕನ್ನಡ ಬಿಡಿ ಎಂದು ಹೇಳುತ್ತಿಲ್ಲ, ನಾವೂ ಬಿಟ್ಟಿಲ್ಲ. ವಾಕ್ಯವನ್ನು 66ಕ್ಕೆ ಇಳಿಸಿದೆವು, ಸಾಕಾಯಿತು.

ಅವತ್ತೇ ಸರ್ವರಿನಲ್ಲಿ ಮಿತಿ ಹಾಕಿದೆವು. ಒಂದು ನಂಬರಿಗೆ 30 ಸೆಕೆಂಡಿಗೆ ಒಂದೇ ಮೆಸೇಜು, ಗಂಟೆಗೆ ಐದೇ. ಹೊಸ ಪ್ಯಾಕ್ ತಗೊಂಡೆವು. ಎರಡು ದಿನಕ್ಕೆ ಮತ್ತೆ ಅದೇ ಕಥೆ, ಸ್ವಲ್ಪ ನಿಧಾನವಾಗಿ. ಲಾಗ್ ನೋಡಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೇ ನಂಬರು ಬರೀ ಹತ್ತಂಕಿಯಾಗಿ ಬಂದಿತ್ತು, ಮುಂದೆ 0 ಸೇರಿಸಿಕೊಂಡು ಬಂದಿತ್ತು, 91 ಸೇರಿಸಿಕೊಂಡು, +91 ಸೇರಿಸಿಕೊಂಡು, ನಡುವೆ ಜಾಗ ಬಿಟ್ಟುಕೊಂಡೂ ಬಂದಿತ್ತು. ನಮ್ಮ ಕೌಂಟರಿಗೆ ಇವೆಲ್ಲ ಬೇರೆ ಬೇರೆ ಜನ. ಎಸ್‌ಎಂಎಸ್ ಕಳಿಸುವ ಕಂಪನಿ ಮಾತ್ರ ಎಲ್ಲವನ್ನೂ ಒಂದೇ ಮೊಬೈಲಿಗೆ ತಲುಪಿಸುತ್ತಿತ್ತು. ಈಗ ನಂಬರ್ ಬಂದ ಕೂಡಲೇ ಅಂಕಿ ಬಿಟ್ಟು ಉಳಿದದ್ದನ್ನು ಕಿತ್ತು, ಮುಂದಿನ 0 ಅಥವಾ 91 ತೆಗೆದು, ಹತ್ತಂಕಿ ಇದೆಯೇ, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುತ್ತದೆಯೇ ನೋಡುತ್ತೇವೆ. ಹತ್ತಂಕಿಗಿಂತ ಉದ್ದ ಇದ್ದರೆ ಮಾತ್ರ 91 ತೆಗೆಯಬೇಕು. ಏಕೆಂದರೆ 91ರಿಂದಲೇ ಶುರುವಾಗುವ ನಿಜವಾದ ನಂಬರುಗಳಿವೆ. ಆಮೇಲಷ್ಟೇ ಎಣಿಕೆ.

ಐಪಿ ವಿಳಾಸದ ಮೇಲೂ ಮಿತಿ ಹಾಕಿದ್ದೇವೆ, ಆದರೆ ಸಡಿಲವಾಗಿ. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದೇ ಐಪಿ ಹಿಂದೆ ನೂರಾರು ಜನ ಇರುತ್ತಾರೆ. ಬಿಗಿ ಮಾಡಿದರೆ ಒಬ್ಬನ ತಪ್ಪಿಗೆ ಇಡೀ ಓಣಿಯ ಲಾಗಿನ್ ನಿಲ್ಲುತ್ತದೆ.

ಇಲ್ಲಿಯವರೆಗೆ ಹೋಗಿದ್ದು ಬರೀ ದುಡ್ಡು. ನನಗೆ ನಿದ್ದೆಗೆಡಿಸಿದ್ದು ಮುಂದಿನದು.

ಒಂದು ಸಂಜೆ ಕೋಡ್ ಓದುವಾಗ ನನ್ನ ಜೊತೆಗಾರ ಕೇಳಿದ: ‘ಅಣ್ಣ, ಐದು ಸಲ ತಪ್ಪು ಹಾಕಿದ್ರೆ ಒಟಿಪಿ ಸಾಯುತ್ತೆ, ಸರಿ. ಆಮೇಲೆ ರೀಸೆಂಡ್ ಒತ್ತಿದ್ರೆ?’ ಒತ್ತಿದರೆ ಹೊಸ ಒಟಿಪಿ. ಹೊಸ ಒಟಿಪಿಗೆ ಹೊಸ ದಾಖಲೆ. ಅದರಲ್ಲಿ ತಪ್ಪಿನ ಎಣಿಕೆ ಮತ್ತೆ ಸೊನ್ನೆ! ಐದು ಪ್ರಯತ್ನದ ಮಿತಿ ಅಂತ ನಾವು ಹೇಳಿಕೊಂಡಿದ್ದು ಒಂದು ಒಟಿಪಿಗೆ ಇತ್ತೇ ಹೊರತು ಒಬ್ಬ ಗ್ರಾಹಕನಿಗೆ ಇರಲಿಲ್ಲ.

ಕೂತು ಲೆಕ್ಕ ಹಾಕಿದೆವು. ನಾಲ್ಕಂಕಿ ಅಂದರೆ 10,000 ಸಾಧ್ಯತೆ. ಪ್ರತಿ ಒಟಿಪಿಗೂ ಐದು ಊಹೆ, ಗಂಟೆಗೆ ಐದು ರೀಸೆಂಡ್, ದಿನಕ್ಕೆ 120. ಸುಮಾರು 1,400 ಒಟಿಪಿ ಆಗುವಷ್ಟರಲ್ಲಿ ಒಂದು ಊಹೆ ಸರಿ ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಹನ್ನೆರಡು ದಿನ. ರೀಸೆಂಡ್‌ಗೆ ಮಿತಿಯೇ ಇಲ್ಲದ ಹಳೆಯ ದಿನಗಳಲ್ಲಿ ಒಂದು ರಾತ್ರಿಯೇ ಸಾಕಿತ್ತು.

ಅಷ್ಟು ಮೆಸೇಜು ಬಂದರೆ ಯಾರಿಗಾದರೂ ಗೊತ್ತಾಗಲ್ವಾ ಅಂತ ನೀವು ಕೇಳಬಹುದು. ಗೊತ್ತಾಗುತ್ತದೆ. ಆದರೆ ಕಳ್ಳ ಒಬ್ಬರ ಹಿಂದೆಯೇ ಬೀಳಬೇಕು ಅಂತ ಏನಿಲ್ಲ. ಸಾವಿರ ಗ್ರಾಹಕರ ನಂಬರ್ ಇಟ್ಟುಕೊಂಡು ಒಬ್ಬೊಬ್ಬರಿಗೆ ಎರಡೇ ಒಟಿಪಿ ಕಳಿಸಿ, ಹತ್ತು ಊಹೆ ಮಾಡಿದರೆ ಒಟ್ಟು 10,000 ಊಹೆ. ಸರಾಸರಿ ಒಂದು ಖಾತೆ ತೆರೆದುಕೊಳ್ಳುತ್ತದೆ. ಎರಡು ಮೆಸೇಜು ಬಂದದ್ದಕ್ಕೆ ಯಾರೂ ದೂರು ಕೊಡಲ್ಲ. ಪ್ರತಿ ನಂಬರಿನ ಮಿತಿ ಎಷ್ಟೇ ಬಿಗಿ ಇದ್ದರೂ ಇದು ತಪ್ಪುವುದಿಲ್ಲ. ಇದಕ್ಕೆ ಮದ್ದು ಆರಂಕಿ. ಆಗ ಇಂಥ ನೂರು ಸುತ್ತು ಹೊಡೆದರೆ ಸರಾಸರಿ ಒಂದು ಖಾತೆ ಸಿಗುತ್ತದೆ, ಆ ಹೊತ್ತಿಗೆ ನಿಮಗೆ ವಾಸನೆ ಬಡಿದಿರುತ್ತದೆ. ನಾಲ್ಕಂಕಿ ನೆನಪಿಡಲು ಸುಲಭ ಎಂದು ಅಂಗಡಿಯವರು ಕೇಳಿದ್ದರು, ನಾನು ತಲೆಯಾಡಿಸಿದ್ದೆ. ಆ ತಪ್ಪು ನನ್ನದೇ.

ತಪ್ಪಿನ ಎಣಿಕೆಯನ್ನು ಒಟಿಪಿಯ ದಾಖಲೆಯಿಂದ ಕಿತ್ತು ನಂಬರಿಗೆ ಕಟ್ಟಿದೆವು. ರೆಡಿಸ್ ಬಳಸುವವರಿಗೆ ಅದು ಇಷ್ಟೇ:

```
MULTI
SET tries:<mobile> 0 EX 3600 NX
INCR tries:<mobile>
EXEC
```

`NX` ಇರುವುದರಿಂದ ಕೀಲಿ ಈಗಾಗಲೇ ಇದ್ದರೆ ಅದರ ಅವಧಿ ಬದಲಾಗುವುದಿಲ್ಲ. ನಾವು ಮೊದಲು ಪ್ರತಿ ಸಲವೂ `EXPIRE` ಕರೆಯುತ್ತಿದ್ದೆವು. ಅದರಿಂದ ಹತ್ತು ನಿಮಿಷಕ್ಕೊಮ್ಮೆ ಪ್ರಯತ್ನಿಸುವ ಪಾಪದ ಗ್ರಾಹಕನ ಗಂಟೆ ಮುಗಿಯುತ್ತಲೇ ಇರಲಿಲ್ಲ. `INCR` ಕೊಟ್ಟ ಸಂಖ್ಯೆ 10 ದಾಟಿದ್ದರೆ ಒಟಿಪಿಯನ್ನು ಹೋಲಿಸಿ ನೋಡುವುದೇ ಇಲ್ಲ. ಈ ಕ್ರಮ ಮುಖ್ಯ. ಮೊದಲು ಹೋಲಿಸಿ, ತಪ್ಪಾದರೆ ಆಮೇಲೆ ಎಣಿಸುವ ಕೋಡಿಗೆ ಯಾರಾದರೂ ಒಂದೇ ಕ್ಷಣಕ್ಕೆ ಇನ್ನೂರು ವಿನಂತಿ ಕಳಿಸಿದರೆ, ಎಣಿಕೆ ಏರುವ ಮೊದಲೇ ಎಷ್ಟೋ ಊಹೆಗಳು ನುಸುಳಿರುತ್ತವೆ. ಲಾಗಿನ್ ಸರಿಯಾಗಿ ಆದರೆ ಮಾತ್ರ ಈ ಕೀಲಿ ಅಳಿಸುತ್ತೇವೆ. ರೀಸೆಂಡ್‌ಗೂ ಇದಕ್ಕೂ ಈಗ ಸಂಬಂಧವೇ ಇಲ್ಲ.

ರೀಸೆಂಡ್‌ನಿಂದ ನಿಜವಾದ ಗ್ರಾಹಕರಿಗೂ ಕಾಟ ಆಗುತ್ತಿತ್ತು. ಹಳ್ಳಿ ಕಡೆ ಟವರ್ ಸರಿ ಇಲ್ಲದಿದ್ದರೆ ಎಸ್‌ಎಂಎಸ್ ಎರಡು ಮೂರು ನಿಮಿಷ ತಡ. ನಮ್ಮ ಒಟಿಪಿಯ ಆಯಸ್ಸು ಎರಡೇ ನಿಮಿಷ. ಕಾದು ಬೇಜಾರಾಗಿ ಅವರು ರೀಸೆಂಡ್ ಒತ್ತುತ್ತಿದ್ದರು, ಆಗ ಹಳೆಯದು ಬರುತ್ತಿತ್ತು. ಅದನ್ನು ಹಾಕಿದರೆ ತಪ್ಪು. ಮತ್ತೆ ಒತ್ತಿದರೆ ಎರಡನೆಯದು ಬರುವುದು, ಅದೂ ತಪ್ಪು. ಅಂಗಡಿಗೆ ಬಂದು ಬೈದವರಲ್ಲಿ ಹೆಚ್ಚಿನವರು ಇವರೇ.

ಈಗ ಆಯಸ್ಸು ಹತ್ತು ನಿಮಿಷ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-63ಬಿ ಮಾರ್ಗಸೂಚಿಯಲ್ಲೂ ಗರಿಷ್ಠ ಅಷ್ಟೇ ಇದೆ. ಪ್ರಯತ್ನಗಳ ಮಿತಿ ಗಟ್ಟಿ ಇದ್ದರೆ ಎರಡು ನಿಮಿಷವನ್ನು ಹತ್ತು ಮಾಡಿದ್ದರಿಂದ ಊಹಿಸುವವನಿಗೆ ಏನೂ ಲಾಭವಿಲ್ಲ, ಏಕೆಂದರೆ ಅವನ ಕೈ ಕಟ್ಟುವುದು ಗಡಿಯಾರವಲ್ಲ, ಎಣಿಕೆ. ಆಯಸ್ಸು ಇರುವಾಗ ರೀಸೆಂಡ್ ಒತ್ತಿದರೆ ಅದೇ ಒಟಿಪಿ ಮತ್ತೆ ಹೋಗುತ್ತದೆ. ಯಾವ ಮೆಸೇಜು ಮೊದಲು ಬಂದರೂ ನಡೆಯುತ್ತದೆ. ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿದ್ದರೆ ಮಾತ್ರ ಹೊಸದು. ಅದೇ ಒಟಿಪಿ ಮತ್ತೆ ಕಳಿಸಬೇಕಾದ್ದರಿಂದ ಹ್ಯಾಶ್ ಮಾತ್ರ ಇಟ್ಟುಕೊಂಡರೆ ಆಗುವುದಿಲ್ಲ, ಎನ್‌ಕ್ರಿಪ್ಟ್ ಮಾಡಿ ಇಡುತ್ತೇವೆ. ಹತ್ತು ಲಕ್ಷ ಸಾಧ್ಯತೆಯ ಬರೀ ಹ್ಯಾಶನ್ನು ಬಿಡಿಸಲು ಕಂಪ್ಯೂಟರಿಗೆ ಕ್ಷಣ ಸಾಕು, ಹಾಗಾಗಿ ಕಳೆದುಕೊಂಡಿದ್ದೇನೂ ಇಲ್ಲ. ಕಾಯುವ ಸಮಯ ಮೊದಲು 30 ಸೆಕೆಂಡು, ಆಮೇಲೆ ಒಂದು ನಿಮಿಷ, ಆಮೇಲೆ ಐದು. ಒಂದು ನಂಬರಿಗೆ ಗಂಟೆಗೆ ಐದು ಮೆಸೇಜು, ದಿನಕ್ಕೆ ಹತ್ತು.

ಹತ್ತು ನಿಮಿಷ ಮಾಡಿದ ದಿನವೂ ಒಂದು ಪೆಟ್ಟು ತಿಂದೆವು. ಮೆಸೇಜಿನ ವಾಕ್ಯದಲ್ಲಿ ‘2 ನಿಮಿಷ’ ಎಂದಿದ್ದದ್ದನ್ನು ಸುಮ್ನೆ ‘10 ನಿಮಿಷ’ ಮಾಡಿ ಶುಕ್ರವಾರ ಸಂಜೆ ಹಾಕಿದೆವು. ಒಂದೂ ಮೆಸೇಜು ಹೋಗಲಿಲ್ಲ. ನಮ್ಮ ದೇಶದಲ್ಲಿ ಟ್ರಾಯ್‌ನ 2018ರ ನಿಯಮದ ಪ್ರಕಾರ ಇಂಥ ಮೆಸೇಜಿನ ವಾಕ್ಯವನ್ನು ಡಿಎಲ್‌ಟಿ ಎಂಬ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಬದಲಾಗುವ ಭಾಗ ಎಂದು ಅಲ್ಲಿ ಗುರುತು ಮಾಡಿದ ಜಾಗದಲ್ಲಿ ಮಾತ್ರ ಬದಲಾಯಿಸಬಹುದು. ಉಳಿದದ್ದು ಹೊಂದದಿದ್ದರೆ ಮೊಬೈಲ್ ಕಂಪನಿ ಅದನ್ನು ಬಿಸಾಡುತ್ತದೆ. 2021ರ ಮಾರ್ಚ್ 8ರಂದು ಈ ತಪಾಸಣೆ ಶುರುವಾದಾಗ ದೇಶದ ತುಂಬಾ ಒಟಿಪಿ ನಿಂತು, ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಬೇಕಾಯಿತು. ನಮಗೆ ಅದೆಲ್ಲ ಗೊತ್ತಿದ್ದೂ ಮರೆತಿದ್ದೆವು. ಕಳಿಸುವ ಕಂಪನಿಯ ಉತ್ತರ ಮಾತ್ರ ‘ಯಶಸ್ವಿ’ ಎಂದೇ ಬರುತ್ತಿತ್ತು. ಅದರ ಅರ್ಥ ‘ನಿಮ್ಮ ವಿನಂತಿ ತಗೊಂಡೆವು’ ಅಂತ, ‘ತಲುಪಿತು’ ಅಂತಲ್ಲ. ತಲುಪಿದ ವರದಿ ಬೇರೆ ಬರುತ್ತದೆ, ಅದನ್ನು ನಾವು ಓದುತ್ತಲೇ ಇರಲಿಲ್ಲ.

ಈಗ ಒಂದೇ ಒಂದು ಸಂಖ್ಯೆ ನೋಡುತ್ತೇವೆ: ಹದಿನೈದು ನಿಮಿಷದಲ್ಲಿ ಕಳಿಸಿದ ಒಟಿಪಿಗಳಲ್ಲಿ ಎಷ್ಟು ಸರಿಯಾಗಿ ವಾಪಸ್ ಬಂದವು. ನಮ್ಮಲ್ಲಿ ನೂರಕ್ಕೆ ಎಂಬತ್ತರ ಆಚೀಚೆ ಇರುತ್ತದೆ. ಬಾಂಬರ್ ರಾತ್ರಿ ಅದು ನೂರಕ್ಕೆ ಒಂದೂ ಇರಲಿಲ್ಲ. ಐವತ್ತಕ್ಕಿಂತ ಇಳಿದರೆ ನಮ್ಮಿಬ್ಬರ ಫೋನೂ ಹೊಡೆದುಕೊಳ್ಳುತ್ತದೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಹೊಡೆಯಿತು. ಮತ್ತೆ ಬಂದ ಎಂದು ಊಟ ಬಿಟ್ಟು ಓಡಿದೆ. ನೋಡಿದರೆ ಯಾವ ಬಾಂಬರೂ ಇಲ್ಲ. ಒಂದು ಮೊಬೈಲ್ ನೆಟ್‌ವರ್ಕಿನ ಗ್ರಾಹಕರಿಗೆ ಮಾತ್ರ ಮೆಸೇಜು ತಲುಪುತ್ತಿರಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿ, ಇನ್ನೊಂದು ತಾಸು ಆರ್ಡರನ್ನು ಫೋನಿನಲ್ಲೇ ಬರೆದುಕೊಳ್ಳಿ ಎಂದೆ.