ವೈಪ್ಸ್, ಟಿಶ್ಯೂ, ಟಾಯ್ಲೆಟ್ ರೋಲ್: ಮೂರು ವರ್ಷ ಬಳಸಿದ ಮೇಲೆ

ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವವರೆಗೆ ನಮ್ಮ ಮನೆಯಲ್ಲಿ ಪೇಪರಿನ ಮಾತೇ ಇರಲಿಲ್ಲ. ಚೊಂಬು, ಆಮೇಲೆ ಹೆಲ್ತ್ ಫಾಸೆಟ್, ಅಷ್ಟೇ. ಅವರು ಹಾಸಿಗೆ ಹಿಡಿದ ಮೇಲೆ ವೆಟ್ ವೈಪ್ಸ್ ಡಬ್ಬಗಟ್ಟಲೆ ಬಂತು. ಜೊತೆಗೆ ಟಿಶ್ಯೂ ಬಾಕ್ಸು, ಟಾಯ್ಲೆಟ್ ರೋಲು. ಮೂರೂ ನೋಡೋಕೆ ಒಂದೇ ಥರ, ಬಿಳಿ, ಮೆತ್ತಗೆ. ಒಂದರ ಬದಲು ಇನ್ನೊಂದು ನಡೆಯುತ್ತೆ ಅಂದುಕೊಂಡಿದ್ದೆ. ಐದನೇ ತಿಂಗಳಲ್ಲಿ ಅದಕ್ಕೆ ದಂಡ ಕಟ್ಟಬೇಕಾಯಿತು.

ನಮ್ಮದು ಎರಡನೇ ಮಹಡಿ. ಒಂದು ಬೆಳಿಗ್ಗೆ ಕೆಳಗಿನ ಮನೆಯವರು ಓಡಿ ಬಂದರು. ನಾವು ಫ್ಲಶ್ ಮಾಡಿದರೆ ಅವರ ಕಮೋಡಿನಲ್ಲಿ ನೀರು ಗುಳುಗುಳು ಅಂತ ಮೇಲೆ ಬರುತ್ತಿತ್ತಂತೆ. ಪ್ಲಂಬರ್ ಚೇಂಬರ್ ಮುಚ್ಚಳ ತೆಗೆದು ಪೈಪಿಗೆ ಸ್ಪ್ರಿಂಗ್ ಬಿಟ್ಟು ತಿರುಗಿಸಿ ಎಳೆದರು. ಬಂದದ್ದು ಕೂದಲು, ಜಿಡ್ಡು ಎಲ್ಲ ಸುತ್ತಿಕೊಂಡ ಒಂದು ಬೂದು ಬಣ್ಣದ ಹಗ್ಗ, ನನ್ನ ಮೊಣಕೈ ಉದ್ದದ್ದು. "ಇದು ಪೇಪರಲ್ಲ ಮೇಡಂ, ಬಟ್ಟೆ. ಯಾರ್ ಹಾಕ್ತಿದಾರೆ?" ಅಂದರು. ರಾತ್ರಿ ಪಾಳಿಯ ಅಟೆಂಡರ್ ಹಾಕುತ್ತಿದ್ದರು. ಅವರನ್ನೇನು ಅನ್ನೋದು, ಹಾಕಬೇಡಿ ಅಂತ ನಾನೂ ಹೇಳಿರಲಿಲ್ಲ. ಪ್ಯಾಕೆಟ್ಟಿನ ಹಿಂದೆ ಕಮೋಡಿಗೆ ಅಡ್ಡಗೆರೆ ಎಳೆದ ಚಿತ್ರ ಇತ್ತು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು.

ಆ ಸಂಜೆ ಮೂರು ಉಪ್ಪಿನಕಾಯಿ ಬಾಟಲಿ ತೊಳೆದು ಅರ್ಧ ನೀರು ತುಂಬಿಸಿದೆ. ಒಂದರಲ್ಲಿ ಟಾಯ್ಲೆಟ್ ಪೇಪರ್, ಒಂದರಲ್ಲಿ ಫೇಶಿಯಲ್ ಟಿಶ್ಯೂ, ಒಂದರಲ್ಲಿ ವೈಪ್. ಮುಚ್ಚಿ ಕುಲುಕಿದೆ. ಇಪ್ಪತ್ತು ಸಲ ಕುಲುಕುವಷ್ಟರಲ್ಲಿ ಟಾಯ್ಲೆಟ್ ಪೇಪರ್ ಕರಗಿ ಅಕ್ಕಿ ತೊಳೆದ ನೀರಿನ ಹಾಗಾಯಿತು. ಟಿಶ್ಯೂ ಮಾರನೇ ದಿನ ಬೆಳಿಗ್ಗೆಯೂ ಮೂರು ದೊಡ್ಡ ತುಂಡಾಗಿ ತೇಲುತ್ತಿತ್ತು. ವೈಪಿಗೆ ಏನೂ ಆಗಿರಲಿಲ್ಲ. ಹದಿನೈದು ದಿನ ಬಿಟ್ಟು ತೆಗೆದು ಹಿಂಡಿದೆ, ಒಣಹಾಕಿದೆ, ಮತ್ತೆ ಒರೆಸಬಹುದಿತ್ತು!

ನನಗೆ ಆಶ್ಚರ್ಯ ಆಗಿದ್ದು ಟಿಶ್ಯೂ ಬಗ್ಗೆ. ವೈಪ್ ಬಟ್ಟೆ ಅಂತ ಮುಟ್ಟಿದರೇ ಗೊತ್ತಾಗುತ್ತೆ. ಹೆಚ್ಚಿನವು ಪಾಲಿಯೆಸ್ಟರ್, ವಿಸ್ಕೋಸ್ ಎಳೆಗಳನ್ನು ರಭಸದ ನೀರಿನ ಧಾರೆಯಿಂದಲೇ ಒಂದಕ್ಕೊಂದು ಹೆಣೆದು ಮಾಡಿದವು. ನೀರಿನಲ್ಲೇ ಹೆಣೆದದ್ದು ನೀರಿಗೆ ಬಿಡೋದು ಹೇಗೆ? ಆದರೆ ಟಿಶ್ಯೂ ಪೇಪರೇ ಅಲ್ವಾ? ಹೌದು, ಆದರೆ ಸೀನಿದಾಗ ಕೈಯಲ್ಲೇ ಹರಿದುಹೋಗದಿರಲಿ ಅಂತ ಕಾರ್ಖಾನೆಯಲ್ಲಿ ಅದಕ್ಕೆ ಒದ್ದೆಯಾದರೂ ಗಟ್ಟಿ ಇರುವಂಥ ಒಂದು ಅಂಟು ಸೇರಿಸುತ್ತಾರೆ. ಅಡುಗೆಮನೆಯ ಪೇಪರ್ ಟವೆಲ್ಲಿಗೂ ಹಾಗೇ. ಟಾಯ್ಲೆಟ್ ಪೇಪರಿನಲ್ಲಿ ಆ ಅಂಟು ಇರಲ್ಲ, ಎಳೆಗಳೂ ಚಿಕ್ಕವು. ಒಣಗಿದಾಗ ಹಿಡಿದುಕೊಂಡಿರಬೇಕು, ನೀರಿಗೆ ಬಿದ್ದ ತಕ್ಷಣ ಬಿಟ್ಟುಬಿಡಬೇಕು ಅಂತಲೇ ಮಾಡಿದ್ದು. ಮೂರರಲ್ಲಿ ಕಮೋಡಿಗೆ ಹಾಕಬಹುದಾದದ್ದು ಅದೊಂದೇ, ಅದೂ ಒಂದು ಸಲಕ್ಕೆ ನಾಲ್ಕಾರು ಚೌಕ.

ಆಮೇಲೆ 'ಫ್ಲಶಬಲ್' ಅಂತ ಬರೆದ ವೈಪ್ಸೂ ತರಿಸಿದೆ. ಬಾಟಲಿಯಲ್ಲಿ ಮಾರನೇ ದಿನದವರೆಗೂ ಇಡಿಯಾಗೇ ಇತ್ತು. ಜೋರಾಗಿ ಕುಲುಕಿದ ಮೇಲೆ ಪಟ್ಟಿ ಪಟ್ಟಿಯಾಗಿ ಹರಿಯಿತು. ಫ್ಲಶ್ ಒತ್ತಿದರೆ ಒಳಗೆ ಹೋಗುತ್ತೆ, ನಿಜ. ಹಾಗೆ ನೋಡಿದರೆ ಮಕ್ಕಳ ಸಾಕ್ಸೂ ಹೋಗುತ್ತೆ. ಮುಂದಿನ ಬೆಂಡ್ ದಾಟುವಾಗ ಅದು ಕರಗಿದೆಯಾ ಅನ್ನೋದು ಮುಖ್ಯ. ಬಿದಿರಿನದು, ಮಣ್ಣಲ್ಲಿ ಕೊಳೆಯುತ್ತೆ ಅಂತ ಮಾರುವವೂ ಇವೆ. ಮಣ್ಣಲ್ಲಿ ಕೊಳೆಯಲು ಅದಕ್ಕೆ ವಾರಗಟ್ಟಲೆ ಸಮಯ ಸಿಗುತ್ತೆ, ಪೈಪಿನಲ್ಲಿ ಸಿಗೋದು ಕೆಲವು ನಿಮಿಷ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಚರಂಡಿಯೊಳಗೆ ಸಿಕ್ಕ ಕೊಬ್ಬಿನ ಗಡ್ಡೆ 250 ಮೀಟರ್ ಉದ್ದ ಇತ್ತು, ಸುಮಾರು 130 ಟನ್. ಅದರಲ್ಲಿ ಅಡುಗೆ ಜಿಡ್ಡಿನ ಜೊತೆ ವೈಪ್ಸೂ ಸೇರಿಕೊಂಡಿತ್ತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ವೈಪ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ಪಂಪಿನ ರೆಕ್ಕೆಗೆ ಸುತ್ತಿಕೊಂಡು ಮೋಟರ್ ನಿಲ್ಲಿಸುತ್ತೆ. ಊರಿನ ಮನೆಗಳ ಹಾಗೆ ಟಾಯ್ಲೆಟ್ ಪಿಟ್ ಇದ್ದರೆ, ಖಾಲಿ ಮಾಡಲು ಬಂದ ಲಾರಿಯ ಪೈಪಿಗೆ ಸಿಕ್ಕಿಕೊಳ್ಳುತ್ತೆ.

ಚರ್ಮದ ಕಥೆ ಇನ್ನೊಂದು. ಎರಡನೇ ವರ್ಷ ಅತ್ತೆಗೆ ತೊಡೆಸಂದಿ, ಹಿಂಭಾಗ ಎಲ್ಲ ಕೆಂಪಾಗಿ ಕೆರೆತ ಶುರುವಾಯಿತು. ಡೈಪರ್ ಅಂದುಕೊಂಡು ಡೈಪರ್ ಬದಲಾಯಿಸಿದೆ. ಬೆವರು ಅಂದುಕೊಂಡು ಪೌಡರ್ ಹಾಕಿದೆ. ಇಬ್ಬರು ಡಾಕ್ಟರು ಎರಡು ಕ್ರೀಮ್ ಕೊಟ್ಟರು, ಹಚ್ಚಿದಾಗ ಕಮ್ಮಿ, ಬಿಟ್ಟರೆ ವಾಪಸ್. ಸುಳಿವು ಸಿಕ್ಕಿದ್ದು ನನ್ನ ಕೈಯಿಂದ. ಬಲಗೈಯ ಮೂರು ಬೆರಳ ತುದಿ ಬಿರಿದು ತುರಿಸುತ್ತಿತ್ತು. ಎಡಗೈಗೆ ಏನೂ ಇಲ್ಲ. ಚರ್ಮದ ಡಾಕ್ಟರು ಅದನ್ನು ನೋಡಿದವರೇ "ವೈಪ್ಸ್ ಪ್ಯಾಕೆಟ್ ತಗೊಂಡು ಬನ್ನಿ ಅಮ್ಮಾ" ಅಂದರು.

ವಿಷಯ ಸರಳ. ಸದಾ ಒದ್ದೆ ಇರುವ ಬಟ್ಟೆಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ಬೂಸ್ಟು ಹಿಡಿಯಬೇಕು. ಹಿಡಿಯಲ್ಲ, ಯಾಕಂದ್ರೆ ಕೆಡದಂತೆ ಔಷಧಿ ಹಾಕಿರುತ್ತಾರೆ. ನಮ್ಮ ಪ್ಯಾಕೆಟ್ಟಿನಲ್ಲಿ ಮೀಥೈಲ್‌ಐಸೋಥಯಜೋಲಿನೋನ್ ಇತ್ತು, ಡಾಕ್ಟರು ಎಂಐ ಅಂತಾರೆ. ಒರೆಸಿದ ಮೇಲೆ ನಾವು ತೊಳೆಯಲ್ಲ, ಅದು ಚರ್ಮದ ಮೇಲೇ ಉಳಿದು ಕೆಲವರಿಗೆ ಅಲರ್ಜಿ ಮಾಡುತ್ತೆ. ಈ ಕಾರಣಕ್ಕೇ ಯೂರೋಪಿನಲ್ಲಿ 2017ರಿಂದ, ಹಚ್ಚಿ ಹಾಗೇ ಬಿಡುವಂಥ ಪದಾರ್ಥಗಳಲ್ಲಿ ಇದನ್ನು ಹಾಕುವಂತಿಲ್ಲ. ಅತ್ತೆ ಮಲಗಿಯೇ ಇರುವುದರಿಂದ ಅಲರ್ಜಿ ಪತ್ತೆ ಮಾಡುವ ಪ್ಯಾಚ್ ಟೆಸ್ಟ್ ನನ್ನ ಬೆನ್ನಿಗೆ ಮಾಡಿದರು. ಎರಡು ದಿನ ಪಟ್ಟಿ ಅಂಟಿಸಿಕೊಂಡು ಸ್ನಾನ ಇಲ್ಲದೆ ಕೂತಿದ್ದೆ. ತೆಗೆದ ದಿನ ಮಸುಕಾಗಿ ಕಂಡದ್ದು, ನಾಲ್ಕನೇ ದಿನ ಉಬ್ಬಿ ಕೆಂಪಗೆ ನಿಂತಿತ್ತು. ಈ ಅಲರ್ಜಿ ತಡವಾಗಿ ಕಾಣಿಸುತ್ತೆ, ಅದಕ್ಕೇ ಎರಡು ವರ್ಷ ನಮಗೆ ವೈಪ್ಸ್ ಮೇಲೆ ಅನುಮಾನವೇ ಬರಲಿಲ್ಲ. ನಿಲ್ಲಿಸಿದ ಮೇಲೆ ಅತ್ತೆಗೆ ಪೂರ್ತಿ ವಾಸಿಯಾಗಲು ಮೂರು ವಾರ ಬೇಕಾಯಿತು. ಎಲ್ಲರಿಗೂ ಹೀಗಾಗಲ್ಲ, ಅದೇ ವೈಪ್ಸ್ ನಮ್ಮ ಅಟೆಂಡರಿಗೆ ಏನೂ ಮಾಡಿರಲಿಲ್ಲ.

ಒಣ ಪೇಪರ್ ಕೂಡ ಸಾಧು ಅಲ್ಲ. ನಮ್ಮ ಯಜಮಾನರಿಗೆ ಪೈಲ್ಸ್. ಆಫೀಸಿನಲ್ಲಿ ಹೆಲ್ತ್ ಫಾಸೆಟ್ ಕೆಟ್ಟಿದ್ದ ಒಂದು ವಾರ ಬರೀ ಪೇಪರಿನಲ್ಲಿ ಉಜ್ಜಿ ರಕ್ತ ಬರಿಸಿಕೊಂಡು ಬಂದರು. ಉಜ್ಜಿದಷ್ಟೂ ಹರಡುತ್ತೆ, ಹೋಗಲ್ಲ. ನೀರಿನಲ್ಲಿ ತೊಳೆದು ಆಮೇಲೆ ಎರಡು ಚೌಕ ಒತ್ತಿ ನೀರು ತೆಗೆದರೆ ಸಾಕು. ಆ ಒತ್ತುವ ಕೆಲಸಕ್ಕೆ ಟಾಯ್ಲೆಟ್ ಪೇಪರಿಗಿಂತ ಒಳ್ಳೇದು ಬೇರೆ ಇಲ್ಲ. ಟಿಶ್ಯೂ ಇನ್ನೂ ಮೆತ್ತಗಿರುತ್ತೆ, ಆದರೆ ಬುಟ್ಟಿಗೆ ಹಾಕೋ ಶಿಸ್ತು ಇರುವವರಿಗೆ ಮಾತ್ರ.

ಈಗ ಅತ್ತೆಗೆ ಉಗುರುಬೆಚ್ಚಗಿನ ನೀರು, ಹಳೇ ಹತ್ತಿ ಪಂಚೆಯ ತುಂಡು. ಮುಂದಿನಿಂದ ಹಿಂದಕ್ಕೆ ಒಂದೇ ಸಲ ಒರೆಸಿ ಬಟ್ಟೆಯ ಮಡಿಕೆ ಬದಲಿಸೋದು, ಕೊನೆಗೆ ಪೇಪರಿನಲ್ಲಿ ಒತ್ತಿ ಒಣಗಿಸೋದು. ಒದ್ದೆ ಮೇಲೆ ಡೈಪರ್ ಕಟ್ಟಿದರೆ ಯಾವ ಕ್ರೀಮೂ ಕೆಲಸ ಮಾಡಲ್ಲ. ವೈಪ್ಸ್ ಕಾರಿನಲ್ಲಿ ಒಂದು ಪ್ಯಾಕೆಟ್ ಇದೆ, ಎಂಐ ಮತ್ತು ಸುವಾಸನೆ ಎರಡೂ ಇಲ್ಲದ್ದು. ಅದರಲ್ಲಿ ಒರೆಸಿಕೊಂಡರೆ ಕೈ ತೊಳೆದ ಹಾಗಾಗಲ್ಲ, ಸೋಪು ಬೇಕೇ ಬೇಕು. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ಡೈಪರ್ ಕಸದ ಜೊತೆ ಗಾಡಿಗೆ ಕೊಡುತ್ತೇವೆ.

ಮೂರನೇ ಬಾಟಲಿಯನ್ನು ಬಿಸಾಕಿಲ್ಲ. ಹೊಸ ವೈಪ್ ಒಂದು ಅದರಲ್ಲಿ ಹಾಕಿಟ್ಟಿದ್ದೇನೆ, ಬಾತ್‌ರೂಮಿನ ಕಿಟಕಿ ಮೇಲೆ. ಹೊಸ ಅಟೆಂಡರ್ ಬಂದ ದಿನ ಮೊದಲು ಅದನ್ನೇ ತೋರಿಸೋದು.